ಕೊನೆಯಿಂದ ಓದಿದರೆ ಬಿಡಿಸಿಕೊಳ್ಳುವ ವೈದ್ಯಕೀಯ ಪದಗಳು

ಹಾಸನ ಜಿಲ್ಲೆಯ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣ ತಾಲ್ಲೂಕುಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ ಓದುವ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಹತ್ತನೆಯ ತರಗತಿಯವರೆಗೆ ವಿಜ್ಞಾನವನ್ನು ಕನ್ನಡದಲ್ಲಿಯೇ ಕಲಿಯುತ್ತಾರೆ. ಮೂತ್ರಪಿಂಡ, ಯಕೃತ್ತು, ಮೇದೋಜೀರಕ ಗ್ರಂಥಿ, ಪತ್ರರಂಧ್ರ ಎಂಬ ಹೆಸರುಗಳು ಅವರಿಗೆ ಬಾಯಿಪಾಠ. ಪದವಿಪೂರ್ವ ವಿಜ್ಞಾನಕ್ಕೆ ಸೇರಿದ ದಿನವೇ ಈ ಹೆಸರುಗಳೆಲ್ಲ ಮರೆಗೆ ಸರಿದು, ಅವುಗಳ ಜಾಗದಲ್ಲಿ ಇಂಗ್ಲಿಷ್ ಹೆಸರುಗಳು ಬಂದು ಕೂರುತ್ತವೆ. ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದಾಗಿದೆ. ಆದರೆ ಅನುವಾದದಲ್ಲಿ ಸಂದೇಹ ಉಂಟಾದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಪ್ರವೇಶ ದೊರೆತ ಮೇಲಂತೂ ಪಠ್ಯ, ಉಪನ್ಯಾಸ, ಪ್ರಶ್ನೆಪತ್ರಿಕೆ ಎಲ್ಲವೂ ಇಂಗ್ಲಿಷ್. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ ಸೇರಿದರೂ, ಹೊಳೆನರಸೀಪುರದ ಸರ್ಕಾರಿ ನರ್ಸಿಂಗ್ ಕಾಲೇಜಿಗೆ ಸೇರಿದರೂ ಪರಿಸ್ಥಿತಿ ಇದೇ.

ಈ ಹಂತದಲ್ಲಿ ಎದುರಾಗುವ ತೊಡಕು ಇಂಗ್ಲಿಷ್ ವಾಕ್ಯಗಳದ್ದಲ್ಲ. ವೈದ್ಯಕೀಯ ಗ್ರಂಥಗಳ ವಾಕ್ಯರಚನೆ ಸಾಮಾನ್ಯವಾಗಿ ಸರಳವಾಗಿಯೇ ಇರುತ್ತದೆ. ತಡೆಯುವುದು ನೆಫ್ರೋಲಿಥಿಯಾಸಿಸ್, ಹೈಡ್ರೋನೆಫ್ರೋಸಿಸ್, ಹೀಮಟೂರಿಯ ಮುಂತಾದ ಉದ್ದದ ಪದಗಳು. ಇವು ಮೂಲದಲ್ಲಿ ಇಂಗ್ಲಿಷ್ ಪದಗಳೇ ಅಲ್ಲ. ಗ್ರೀಕ್ ಮತ್ತು ಲ್ಯಾಟಿನ್ ಧಾತುಗಳನ್ನು ಜೋಡಿಸಿ ಕಟ್ಟಿದ ಸಮಾಸಪದಗಳು. ಕಾನ್ವೆಂಟಿನಲ್ಲಿ ಓದಿ ಬಂದವರಿಗೂ ಇವು ಮೊದಲ ದಿನ ಅಪರಿಚಿತವೇ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಲ್ಲಿ ಒಂದು ಅನುಕೂಲವೂ ಉಂಟು. ಸಂಧಿ, ಸಮಾಸ, ಉಪಸರ್ಗ, ಪ್ರತ್ಯಯಗಳನ್ನು ಬಿಡಿಸುವ ಅಭ್ಯಾಸವನ್ನು ಅವರು ವ್ಯಾಕರಣದ ತರಗತಿಯಲ್ಲಿಯೇ ಮಾಡಿಕೊಂಡು ಬಂದಿರುತ್ತಾರೆ.

ತತ್ಪುರುಷದ ನಿಯಮ

ತತ್ಪುರುಷ ಸಮಾಸದಲ್ಲಿ ಉತ್ತರಪದದ ಅರ್ಥವೇ ಪ್ರಧಾನ ಎಂಬುದು ಶಾಲೆಯ ಪಾಠ. ಮೂತ್ರಪಿಂಡ ಎಂಬುದು ಒಂದು ಪಿಂಡವೇ ಹೊರತು ಮೂತ್ರವಲ್ಲ. ಯಾವ ಪಿಂಡ ಎಂದು ಹೇಳುವುದಷ್ಟೇ ಪೂರ್ವಪದದ ಕೆಲಸ. ವೈದ್ಯಕೀಯ ಪದಗಳೂ ಬಹುಮಟ್ಟಿಗೆ ಹೀಗೆಯೇ ರಚಿತವಾಗಿವೆ. ಆದ್ದರಿಂದ ಅವನ್ನು ಕೊನೆಯಿಂದ ಓದಬೇಕು. ಕೊನೆಯ ಪ್ರತ್ಯಯವು ಇದು ರೋಗವೋ, ಲಕ್ಷಣವೋ, ಪರೀಕ್ಷೆಯೋ, ಶಸ್ತ್ರಕ್ರಿಯೆಯೋ ಎಂಬುದನ್ನು ತಿಳಿಸುತ್ತದೆ. ನಡುವಿನ ಧಾತು ಯಾವ ಅಂಗ ಎಂಬುದನ್ನೂ, ಮೊದಲಿನ ಉಪಸರ್ಗ ಎಷ್ಟು, ಎಲ್ಲಿ, ಹೇಗೆ ಎಂಬುದನ್ನೂ ಹೇಳುತ್ತವೆ.

ಒಂದೇ ಅಂಗವನ್ನು ಹಿಡಿದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೂತ್ರಪಿಂಡಕ್ಕೆ ಗ್ರೀಕ್ ಧಾತು ‘ನೆಫ್ರ್’. ಅದಕ್ಕೆ ‘ಐಟಿಸ್’ ಸೇರಿದರೆ ನೆಫ್ರೈಟಿಸ್, ಅಂದರೆ ಮೂತ್ರಪಿಂಡದ ಉರಿಯೂತ. ‘ಲಾಜಿ’ ಸೇರಿದರೆ ನೆಫ್ರಾಲಜಿ, ಮೂತ್ರಪಿಂಡಗಳ ಅಧ್ಯಯನ. ‘ಲಿಥ್’ ಎಂದರೆ ಕಲ್ಲು, ‘ಇಯಾಸಿಸ್’ ಎಂದರೆ ರೋಗಸ್ಥಿತಿ. ನೆಫ್ರೋಲಿಥಿಯಾಸಿಸ್ ಎಂದರೆ ಮೂತ್ರಪಿಂಡದಲ್ಲಿ ಕಲ್ಲು ಇರುವ ಸ್ಥಿತಿ. ಹಿಂದೆ ಕಲ್ಲಚ್ಚಿನಲ್ಲಿ ಚಿತ್ರಗಳನ್ನು ಮುದ್ರಿಸುತ್ತಿದ್ದ ಲಿಥೋಗ್ರಫಿಯಲ್ಲಿ ಇರುವುದೂ ಇದೇ ಕಲ್ಲು. ಆಯುರ್ವೇದದಲ್ಲಿ ಈ ರೋಗಕ್ಕೆ ಅಶ್ಮರಿ ಎಂಬ ಹೆಸರಿದ್ದು, ಅಶ್ಮ ಎಂದರೆ ಕಲ್ಲು. ಹಾಸನದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಕಾಲೇಜಿನ ವಿದ್ಯಾರ್ಥಿಯೂ ಹಿಮ್ಸ್‌ನ ವಿದ್ಯಾರ್ಥಿಯೂ ಕಲಿಯುವ ಎರಡು ಹೆಸರುಗಳ ಒಳಗಿರುವುದು ಒಂದೇ ಕಲ್ಪನೆ.

ನೆಫ್ರಾಲಜಿ, ನೆಫ್ರೋಲಿಥಿಯಾಸಿಸ್ ಎಂಬಲ್ಲಿ ನಡುವೆ ‘ಓ’ ಸ್ವರ ಬರುತ್ತದೆ. ನೆಫ್ರೈಟಿಸ್ ಎಂಬಲ್ಲಿ ಅದು ಇಲ್ಲ. ಇದಕ್ಕೂ ನಮ್ಮ ಸಂಧಿಪಾಠದಲ್ಲಿ ಹೋಲಿಕೆ ಸಿಗುತ್ತದೆ. ಮುಂದಿನ ಭಾಗ ವ್ಯಂಜನದಿಂದ ಆರಂಭವಾದರೆ ಉಚ್ಚಾರಣೆಯ ಅನುಕೂಲಕ್ಕಾಗಿ ‘ಓ’ ಆಗಮವಾಗುತ್ತದೆ. ಸ್ವರದಿಂದ ಆರಂಭವಾದರೆ, ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದಂತೆ, ಆ ಸ್ವರ ಲೋಪವಾಗುತ್ತದೆ. ಎರಡು ಧಾತುಗಳು ಕೂಡುವಾಗ ಮಾತ್ರ ಸ್ವರವಿದ್ದರೂ ‘ಓ’ ಉಳಿಯುವುದುಂಟು. ಗ್ಯಾಸ್ಟ್ರೋಎಂಟರೈಟಿಸ್ ಇದಕ್ಕೆ ಉದಾಹರಣೆ. ಈ ‘ಓ’ಗೆ ಸ್ವಂತ ಅರ್ಥವಿಲ್ಲ. ಇದನ್ನು ಅರಿತರೆ ಪದವನ್ನು ಎಲ್ಲಿ ತುಂಡರಿಸಬೇಕೆಂಬುದು ತಿಳಿಯುತ್ತದೆ.

ಒಂದು ರೋಗಿಯ ಚೀಟಿ

ಕ್ರಮವನ್ನು ಪ್ರಯೋಗಿಸಿ ನೋಡಲು ಒಂದು ಕಲ್ಪಿತ ಚೀಟಿಯನ್ನು ತೆಗೆದುಕೊಳ್ಳೋಣ. ಅರಕಲಗೂಡು ಕಡೆಯ ಮಧ್ಯವಯಸ್ಸಿನ ರೈತರೊಬ್ಬರು ಬಲಗಡೆಯ ಪಕ್ಕೆಯಿಂದ ತೊಡೆಸಂದಿಯವರೆಗೆ ಇಳಿಯುವ ತೀವ್ರ ನೋವಿನಿಂದ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ ಬಂದಿದ್ದಾರೆ. ಚೀಟಿಯಲ್ಲಿ ಹೀಗಿದೆ: ಡಿಸ್ಯೂರಿಯ, ಹೀಮಟೂರಿಯ. ಬಲ ಯೂರೆಟರ್‌ನಲ್ಲಿ 8 ಮಿಲಿಮೀಟರ್ ಕಲ್ಲು. ಬಲಗಡೆ ಹೈಡ್ರೋನೆಫ್ರೋಸಿಸ್. ಯೂರೆಟೆರೋಸ್ಕೋಪಿ ಮತ್ತು ಲಿಥೋಟ್ರಿಪ್ಸಿ ಮಾಡಬೇಕು.

ಮೊದಲೆರಡು ಪದಗಳ ಕೊನೆಯಲ್ಲಿ ಇರುವುದು ‘ಯೂರಿಯ’. ಇದು ಮೂತ್ರದ ಸ್ಥಿತಿಯನ್ನು ಸೂಚಿಸುವ ಪ್ರತ್ಯಯ. ಆಲೂಗಡ್ಡೆ, ಜೋಳದ ಹೊಲಗಳಿಗೆ ಹಾಕುವ ಯೂರಿಯಾ ಗೊಬ್ಬರದ ಹೆಸರೂ ಇದೇ ಮೂಲದಿಂದ ಬಂದದ್ದು, ಏಕೆಂದರೆ ಆ ರಾಸಾಯನಿಕವನ್ನು 18ನೆಯ ಶತಮಾನದಲ್ಲಿ ಮೊದಲು ಬೇರ್ಪಡಿಸಿದ್ದು ಮೂತ್ರದಿಂದಲೇ. ‘ಹೀಮಟ್’ ಎಂದರೆ ರಕ್ತ. ಹೀಮಟೂರಿಯ ಎಂದರೆ ಮೂತ್ರದಲ್ಲಿ ರಕ್ತ ಕಾಣಿಸುವುದು. ‘ಡಿಸ್’ ಎಂಬುದು ತೊಂದರೆ, ಕಷ್ಟ ಎಂಬ ಅರ್ಥದ ಉಪಸರ್ಗ. ಸಂಸ್ಕೃತದ ದುಸ್, ದುರ್ ಇದರ ಬಳಗಕ್ಕೇ ಸೇರಿದ್ದು. ಡಿಸ್ಯೂರಿಯ ಎಂದರೆ ನೋವು ಅಥವಾ ಉರಿಯಿಂದ ಮೂತ್ರ ಹೋಗುವುದು, ಅಂದರೆ ಹಳ್ಳಿಯ ಮಾತಿನ ಉರಿಮೂತ್ರ. ಇದೇ ಪ್ರತ್ಯಯಕ್ಕೆ ಬೇರೆ ಉಪಸರ್ಗಗಳನ್ನು ಹಚ್ಚಿದರೆ ಮೂತ್ರದ ಪ್ರಮಾಣವನ್ನು ಹೇಳುವ ಪದಗಳು ಸಿಗುತ್ತವೆ. ವಯಸ್ಕರಲ್ಲಿ ದಿನಕ್ಕೆ 400 ಮಿಲಿಲೀಟರ್‌ಗಿಂತ ಕಡಿಮೆಯಾದರೆ ಆಲಿಗೂರಿಯ, 3 ಲೀಟರ್ ಮೀರಿದರೆ ಪಾಲಿಯೂರಿಯ. ಆಲಿಗೋ ಎಂದರೆ ಅಲ್ಪ, ಪಾಲಿ ಎಂದರೆ ಬಹು.

ಯೂರೆಟರ್ ಎಂಬುದು ಮೂತ್ರಪಿಂಡದಿಂದ ಮೂತ್ರಕೋಶಕ್ಕೆ ಇಳಿಯುವ ನಾಳ. ಇದನ್ನು ಯೂರೆಥ್ರಾದೊಂದಿಗೆ ಬೆರೆಸಬಾರದು. ಯೂರೆಥ್ರಾ ಎಂಬುದು ಮೂತ್ರಕೋಶದಿಂದ ಹೊರಗೆ ಹೋಗುವ ದಾರಿ. ಯೂರೆಟರ್‌ಗಳು ಎರಡು, ಯೂರೆಥ್ರಾ ಒಂದೇ. ಚೀಟಿಯಲ್ಲಿ ‘ಬಲ’ ಎಂಬ ಮಾತು ಇರುವುದೇ ಇದು ಯೂರೆಟರ್ ಎಂಬುದಕ್ಕೆ ಸಾಕ್ಷಿ.

ಹೈಡ್ರೋನೆಫ್ರೋಸಿಸ್ ಪದವನ್ನು ಕೊನೆಯಿಂದ ಬಿಡಿಸಿದರೆ ಸ್ಥಿತಿ, ಮೂತ್ರಪಿಂಡ, ನೀರು ಎಂದಾಗುತ್ತದೆ. ಕಲ್ಲು ನಾಳವನ್ನು ಮುಚ್ಚಿರುವುದರಿಂದ ಮೂತ್ರ ಕೆಳಗೆ ಇಳಿಯಲಾಗದೆ ಹಿಂದಕ್ಕೆ ನಿಂತು, ಮೂತ್ರಪಿಂಡದ ಒಳಭಾಗ ಉಬ್ಬಿಕೊಂಡಿದೆ ಎಂಬುದು ಇದರ ತಾತ್ಪರ್ಯ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಧಾತುಗಳು ಕೊಟ್ಟದ್ದು ‘ನೀರು ತುಂಬಿದ ಮೂತ್ರಪಿಂಡ’ ಎಂಬ ಚಿತ್ರ ಮಾತ್ರ. ಏಕೆ ತುಂಬಿತು ಎಂಬುದನ್ನು ಪದ ಹೇಳುವುದಿಲ್ಲ. ಕಾರಣ ಕಲ್ಲೇ ಆಗಬೇಕೆಂದಿಲ್ಲ. ಗಡ್ಡೆಯ ಒತ್ತಡವೂ ಇರಬಹುದು, ಗರ್ಭಿಣಿಯರಲ್ಲಿ ಗರ್ಭಕೋಶದ ಭಾರವೂ ಇರಬಹುದು.

ಕೊನೆಯ ಎರಡು ಪದಗಳು ಚಿಕಿತ್ಸೆಗೆ ಸೇರಿದವು. ‘ಸ್ಕೋಪಿ’ ಎಂದರೆ ಉಪಕರಣದ ಮೂಲಕ ಒಳಗೆ ನೋಡುವುದು, ‘ಟ್ರಿಪ್ಸಿ’ ಎಂದರೆ ಪುಡಿಮಾಡುವುದು. ನಾಳದೊಳಕ್ಕೆ ಸಣ್ಣ ದರ್ಶಕವನ್ನು ಹಾಯಿಸಿ, ಕಲ್ಲನ್ನು ನೋಡಿ, ಪುಡಿಮಾಡಿ ತೆಗೆಯುತ್ತಾರೆ ಎಂದು ಅರ್ಥ. 5 ಮಿಲಿಮೀಟರ್‌ಗಿಂತ ಚಿಕ್ಕ ಕಲ್ಲುಗಳು ಸಾಮಾನ್ಯವಾಗಿ ತಾವೇ ಹೊರಬೀಳುವುದರಿಂದ, ಈ ರೋಗಿಯ ಕಲ್ಲಿನ ಗಾತ್ರವನ್ನು ಚೀಟಿಯಲ್ಲಿ ನಮೂದಿಸಿದ್ದಕ್ಕೂ ಅರ್ಥವಿದೆ.

ಟಮಿ, ಎಕ್ಟಮಿ, ಸ್ಟಮಿ

ಶಸ್ತ್ರಕ್ರಿಯೆಯ ಪದಗಳಲ್ಲಿ ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಈ ಮೂರು ಪ್ರತ್ಯಯಗಳಲ್ಲಿ. ಮೂರರ ಧ್ವನಿಯೂ ಒಂದೇ ಬಗೆಯದು, ಪರಿಣಾಮ ಮಾತ್ರ ಬೇರೆ ಬೇರೆ.

‘ಟಮಿ’ ಎಂದರೆ ಕತ್ತರಿಸುವುದು. ಒಂಬತ್ತನೆಯ ತರಗತಿಯಲ್ಲಿ ಓದಿದ ಪರಮಾಣುವಿನ ಇಂಗ್ಲಿಷ್ ಹೆಸರು ಆಟಂ. ಅದರಲ್ಲಿ ‘ಅ’ ಎಂದರೆ ಇಲ್ಲ, ‘ಟಂ’ ಎಂದರೆ ಕತ್ತರಿಸುವುದು. ಕತ್ತರಿಸಲಾಗದ್ದು ಎಂಬ ಅರ್ಥದಲ್ಲಿ ಗ್ರೀಕರು ಆ ಹೆಸರಿಟ್ಟರು. ಅದೇ ಧಾತು ನೆಫ್ರಾಟಮಿಯಲ್ಲಿದೆ. ಮೂತ್ರಪಿಂಡವನ್ನು ಕೊಯ್ದು ತೆರೆಯುವುದು, ಕೆಲಸ ಮುಗಿದ ಮೇಲೆ ಮುಚ್ಚುವುದು. ಅಂಗ ಒಳಗೇ ಉಳಿಯುತ್ತದೆ.

‘ಎಕ್ಟಮಿ’ಯಲ್ಲಿ ಇದೇ ಟಮಿಗೆ ‘ಹೊರಗೆ’ ಎಂಬ ಅರ್ಥದ ‘ಎಕ್’ ಸೇರಿದೆ. ಕತ್ತರಿಸಿ ಹೊರತೆಗೆಯುವುದು. ನೆಫ್ರೆಕ್ಟಮಿ ಎಂದರೆ ಮೂತ್ರಪಿಂಡವನ್ನೇ ತೆಗೆದುಹಾಕುವುದು. ಮೂತ್ರಪಿಂಡ ದಾನ ಮಾಡುವವರಿಗೆ ಆಗುವ ಶಸ್ತ್ರಕ್ರಿಯೆ ಇದೇ.

‘ಸ್ಟಮಿ’ ಎಂಬುದು ಬೇರೆಯೇ ಧಾತು. ಸ್ಟೋಮ ಎಂದರೆ ಗ್ರೀಕಿನಲ್ಲಿ ಬಾಯಿ. ಎಲೆಯ ಪತ್ರರಂಧ್ರಗಳಿಗೆ ಇಂಗ್ಲಿಷಿನಲ್ಲಿ ಸ್ಟೊಮಾಟ ಎನ್ನುವುದು ಅವು ಎಲೆಯ ಬಾಯಿಗಳಂತಿರುವುದರಿಂದ. ನೆಫ್ರಾಸ್ಟಮಿ ಎಂದರೆ ಮೂತ್ರಪಿಂಡದಿಂದ ಚರ್ಮದವರೆಗೆ ಒಂದು ಬಾಯಿಯನ್ನು ತೆರೆದು ಕೊಳವೆ ಇಡುವುದು. ಮೇಲಿನ ರೈತರಿಗೆ ಕಲ್ಲಿನ ಜತೆಗೆ ಸೋಂಕು ತಗಲಿ ಜ್ವರ ಬಂದಿದ್ದರೆ, ಕಲ್ಲನ್ನು ಮುಟ್ಟುವ ಮೊದಲು ನಿಂತ ಮೂತ್ರವನ್ನು ಹೊರಹರಿಸಲು ಹೀಗೆ ಮಾಡಬೇಕಾಗಬಹುದು. ಸೋಂಕು ಇಳಿದು ದಾರಿ ತೆರೆದ ಮೇಲೆ ಕೊಳವೆಯನ್ನು ತೆಗೆಯುತ್ತಾರೆ.

ಒಂದರಲ್ಲಿ ಅಂಗ ಉಳಿಯುತ್ತದೆ, ಇನ್ನೊಂದರಲ್ಲಿ ಹೋಗುತ್ತದೆ, ಮತ್ತೊಂದರಲ್ಲಿ ಅಂಗಕ್ಕೆ ಹೊಸ ಬಾಯಿ ಬರುತ್ತದೆ. ಪರೀಕ್ಷೆಯಲ್ಲಿ ತಪ್ಪಿದರೆ ಒಂದು ಅಂಕ ಹೋದೀತು. ವಾರ್ಡಿನಲ್ಲಿ ರೋಗಿಯ ಮನೆಯವರಿಗೆ ಕನ್ನಡದಲ್ಲಿ ವಿವರಿಸಿ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವವರು ಬಹಳ ಸಲ ಇದೇ ವಿದ್ಯಾರ್ಥಿಗಳು. ಅಲ್ಲಿ ತಪ್ಪಿದರೆ ‘ಕೊಳವೆ ಇಡುತ್ತಾರೆ’ ಎನ್ನಬೇಕಾದಲ್ಲಿ ‘ಕಿಡ್ನಿ ತೆಗೆಯುತ್ತಾರೆ’ ಎಂದು ಹೇಳಿದಂತಾಗುತ್ತದೆ.

ಉಪರಿ ಮತ್ತು ಉಪ

ಹೈಪರ್ ಮತ್ತು ಹೈಪೋ ಎಂಬ ಉಪಸರ್ಗಗಳ ವಿಷಯದಲ್ಲಿಯೂ ಅಪಾಯ ಅಷ್ಟೇ ದೊಡ್ಡದು. ಹೈಪರ್‌ಗ್ಲೈಸೀಮಿಯ ಎಂದರೆ ರಕ್ತದಲ್ಲಿ ಸಕ್ಕರೆ ಹೆಚ್ಚಿರುವುದು, ಹೈಪೋಗ್ಲೈಸೀಮಿಯ ಎಂದರೆ ಕಡಿಮೆಯಾಗಿರುವುದು. ಮಧುಮೇಹಿಗಳಲ್ಲಿ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅದನ್ನು ಹೈಪೋ ಎಂದು ಪರಿಗಣಿಸಲಾಗುತ್ತದೆ. ಮೊದಲನೆಯದಕ್ಕೆ ಇನ್ಸುಲಿನ್ ಬೇಕಾಗಬಹುದು. ಎರಡನೆಯದಕ್ಕೆ ತಕ್ಷಣ ಸಕ್ಕರೆ ಬೇಕು. ಅದಲುಬದಲಾದರೆ ಪ್ರಾಣಕ್ಕೇ ಕುತ್ತು.

ಇವೆರಡನ್ನು ನೆನಪಿಡಲು ನಮ್ಮಲ್ಲಿಯೇ ಉಪಾಯವಿದೆ. ಗ್ರೀಕ್ ಮತ್ತು ಸಂಸ್ಕೃತ ಒಂದೇ ಭಾಷಾಕುಟುಂಬಕ್ಕೆ ಸೇರಿದವು. ಹೈಪರ್ ಎಂಬುದು ಸಂಸ್ಕೃತದ ಉಪರಿ ಎಂಬುದರ ಜ್ಞಾತಿಪದ, ಹೈಪೋ ಎಂಬುದು ಉಪ ಎಂಬುದರ ಜ್ಞಾತಿಪದ. ಉಪರಿ ಎಂದರೆ ಮೇಲೆ. ಮಹಡಿಯನ್ನು ಉಪ್ಪರಿಗೆ ಎನ್ನುವಾಗ ಕೇಳಿಸುವುದು ಅದೇ. ಉಪ ಎಂದರೆ ಅಧೀನವಾದದ್ದು, ಕೆಳದರ್ಜೆಯದು. ಹೊಳೆನರಸೀಪುರದ ಪಕ್ಕದಲ್ಲಿ ಹರಿಯುವ ಹೇಮಾವತಿ ಕಾವೇರಿಯ ಉಪನದಿ. ಉಪರಿ ಇದ್ದರೆ ಹೆಚ್ಚು, ಉಪ ಇದ್ದರೆ ಕಡಿಮೆ.

ನಿಷೇಧಾರ್ಥದ ಉಪಸರ್ಗವೂ ಹೀಗೆಯೇ. ವ್ಯಂಜನದ ಮುಂದೆ ‘ಅ’, ಸ್ವರದ ಮುಂದೆ ‘ಅನ್’ ಎಂಬುದು ಸಂಸ್ಕೃತದ ನಿಯಮ. ಅಜ್ಞಾನ, ಅನಾರೋಗ್ಯ ಎಂಬ ಪದಗಳನ್ನು ನೋಡಬಹುದು. ಗ್ರೀಕ್ ನಿಯಮವೂ ಇದೇ. ಉಸಿರು ನಿಂತರೆ ಆಪ್ನಿಯ, ಮೂತ್ರ ನಿಂತರೆ ಅನ್ಯೂರಿಯ. ದಿನಕ್ಕೆ 100 ಮಿಲಿಲೀಟರ್‌ಗಿಂತ ಕಡಿಮೆ ಮೂತ್ರವಿದ್ದರೂ ವೈದ್ಯರು ಅನ್ಯೂರಿಯ ಎಂದೇ ಬರೆಯುತ್ತಾರೆ.

ಕನ್ನಡ ಲಿಪಿ ಮುಚ್ಚಿಡುವ ವ್ಯತ್ಯಾಸ

ಕನ್ನಡ ಮಾಧ್ಯಮದ ವಿದ್ಯಾರ್ಥಿಗಳು ಉಪನ್ಯಾಸವನ್ನು ಕೇಳುತ್ತಾ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಗೀಚಿಕೊಳ್ಳುವುದು ಸಾಮಾನ್ಯ. ವೇಗವಾಗಿ ಬರೆಯಲು ಇದು ಸುಲಭ. ಆದರೆ ಉಚ್ಚಾರದಂತೆ ಬರೆಯುವ ನಮ್ಮ ಲಿಪಿ ಕೆಲವು ಧಾತುಗಳ ನಡುವಿನ ವ್ಯತ್ಯಾಸವನ್ನು ಅಳಿಸಿಬಿಡುತ್ತದೆ.

‘ಇಲಿಯಂ’ ಎಂದು ಬರೆದುಕೊಂಡರೆ ಅದು ಎರಡು ಅಂಗಗಳಿಗೆ ಸಲ್ಲುತ್ತದೆ. ಐ, ಎಲ್, ಇ, ಯು, ಎಂ ಅಕ್ಷರಗಳಿಂದ ಬರೆದದ್ದು ಸಣ್ಣಕರುಳಿನ ಕೊನೆಯ ಭಾಗ. ಐ, ಎಲ್, ಐ, ಯು, ಎಂ ಅಕ್ಷರಗಳಿಂದ ಬರೆದದ್ದು ಸೊಂಟದ ಮೂಳೆಯ ಮೇಲ್ಭಾಗ. ಕರುಳಿಗೆ ಸಂಬಂಧಿಸಿದ ‘ಎಂಟರ್’ ಎಂಬ ಧಾತು ಇ ಅಕ್ಷರದಿಂದ ಆರಂಭವಾಗುವುದರಿಂದ, ಇ ಇರುವ ಇಲಿಯಂ ಕರುಳಿನದು ಎಂದು ನೆನಪಿಡಬಹುದು. ಮೂತ್ರದ ಪ್ರತ್ಯಯವಾದ ಯೂರಿಯ ಮತ್ತು ಗೊಬ್ಬರದ ಯೂರಿಯಾಗಳ ನಡುವೆಯೂ ಇಂಗ್ಲಿಷಿನಲ್ಲಿ ಐ ಮತ್ತು ಇ ಅಕ್ಷರಗಳ ವ್ಯತ್ಯಾಸವಿದೆ.

ಇದಕ್ಕಿಂತ ಹೆಚ್ಚು ಗೊಂದಲ ‘ಆಂಟಿ’ಯದು. ಆಂಟಿಬಯಾಟಿಕ್ ಎಂಬಲ್ಲಿ ಆಂಟಿ ಎಂದರೆ ವಿರುದ್ಧ. ಗರ್ಭಿಣಿಯರ ತಪಾಸಣೆಗೆ ಬಳಸುವ ಆಂಟಿನೇಟಲ್ ಎಂಬಲ್ಲಿ ಆಂಟಿ ಎಂದರೆ ಮುನ್ನ. ಅದು ಪ್ರಸವಪೂರ್ವ ತಪಾಸಣೆ, ಪ್ರಸವವಿರೋಧಿಯಲ್ಲ. ಮೊದಲನೆಯದು ಗ್ರೀಕ್, ಐ ಅಕ್ಷರದಿಂದ ಮುಗಿಯುತ್ತದೆ. ಎರಡನೆಯದು ಲ್ಯಾಟಿನ್, ಇ ಅಕ್ಷರದಿಂದ ಮುಗಿಯುತ್ತದೆ. ಗಡಿಯಾರದ ಎ.ಎಂ. ಎಂಬುದರಲ್ಲಿರುವ ಎ ಎಂಬುದು ಈ ಎರಡನೆಯ ಉಪಸರ್ಗದ ಸಂಕ್ಷೇಪ. ಪೂರ್ವಾಹ್ನ ಎಂಬ ನಮ್ಮ ಪದದಲ್ಲಿ ‘ಪೂರ್ವ’ ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಆದುದರಿಂದ ಟಿಪ್ಪಣಿಯ ವಿವರಣೆ ಕನ್ನಡದಲ್ಲಿದ್ದರೆ ತೊಂದರೆಯಿಲ್ಲ. ಪದವನ್ನು ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆದು, ಧಾತುಗಳ ನಡುವೆ ಗೆರೆ ಎಳೆದು, ಕೆಳಗೆ ಕನ್ನಡ ಅರ್ಥವನ್ನು ಬರೆದುಕೊಳ್ಳಬೇಕು.

ಒಂದೇ ಅಂಗಕ್ಕೆ ಎರಡು ಹೆಸರು

ಮೂತ್ರಪಿಂಡಕ್ಕೆ ನೆಫ್ರ್ ಎಂಬ ಧಾತುವಿದ್ದರೂ ಮೂತ್ರಪಿಂಡದ ವೈಫಲ್ಯವನ್ನು ರೀನಲ್ ಫೇಲ್ಯೂರ್ ಎನ್ನುವುದೇಕೆ ಎಂಬ ಪ್ರಶ್ನೆ ಸಹಜ. ರೆನ್ ಎಂಬುದು ಅದೇ ಅಂಗದ ಲ್ಯಾಟಿನ್ ಹೆಸರು. ಸಾಮಾನ್ಯವಾಗಿ ಅಂಗರಚನೆಯ ಹೆಸರುಗಳಲ್ಲಿ ಲ್ಯಾಟಿನ್ ಹೆಚ್ಚು, ರೋಗ ಮತ್ತು ಶಸ್ತ್ರಕ್ರಿಯೆಯ ಹೆಸರುಗಳಲ್ಲಿ ಗ್ರೀಕ್ ಹೆಚ್ಚು. ಆದ್ದರಿಂದ ಮೂತ್ರಪಿಂಡದ ಅಪಧಮನಿ ರೀನಲ್ ಆರ್ಟರಿ, ಅದರ ಉರಿಯೂತ ನೆಫ್ರೈಟಿಸ್. ನಮ್ಮಲ್ಲಿ ನೀರು ಮತ್ತು ಜಲ ಎರಡೂ ಇದ್ದು, ಜಲಾಶಯ ಮತ್ತು ನೀರಾವರಿ ಎಂದು ಹೇಳುತ್ತೇವೆಯೇ ಹೊರತು ಅದಲುಬದಲು ಮಾಡುವುದಿಲ್ಲ. ಸಂಸ್ಕೃತ ಮತ್ತು ಕನ್ನಡ ಪದಗಳನ್ನು ಬೆರೆಸಿದ ಸಮಾಸವನ್ನು ಅರಿಸಮಾಸ ಎಂದು ನಮ್ಮ ವೈಯಾಕರಣರು ಕರೆದರು. ವೈದ್ಯಶಾಸ್ತ್ರದಲ್ಲಿಯೂ ಅರಿಸಮಾಸಗಳುಂಟು. ರಕ್ತದೊತ್ತಡದ ಹೈಪರ್‌ಟೆನ್ಷನ್‌ನಲ್ಲಿ ಹೈಪರ್ ಗ್ರೀಕ್, ಟೆನ್ಷನ್ ಲ್ಯಾಟಿನ್. ಬಳಕೆ ನಿಂತ ಮೇಲೆ ಯಾರೂ ಆಕ್ಷೇಪಿಸುವುದಿಲ್ಲ.

ಧಾತು ಕೈಕೊಡುವ ಸ್ಥಳಗಳು

ಪದವನ್ನು ಬಿಡಿಸುವ ಕ್ರಮಕ್ಕೂ ಮಿತಿಯಿದೆ. ಅನೀಮಿಯ ಎಂಬುದನ್ನು ಬಿಡಿಸಿದರೆ ‘ರಕ್ತವಿಲ್ಲದಿರುವುದು’ ಎಂದಾಗುತ್ತದೆ. ನಿಜವಾದ ಅರ್ಥ ಹೀಮೋಗ್ಲೋಬಿನ್ ಕೊರತೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಗರ್ಭಿಣಿಯರಲ್ಲಿ ಮೊದಲ ಮತ್ತು ಕೊನೆಯ ತ್ರೈಮಾಸಿಕಗಳಲ್ಲಿ ಡೆಸಿಲೀಟರ್‌ಗೆ 11 ಗ್ರಾಂಗಿಂತ ಕಡಿಮೆಯಿದ್ದರೆ ಅನೀಮಿಯ ಎನ್ನುತ್ತಾರೆ. ‘ಓಮ’ ಎಂದರೆ ಗಡ್ಡೆ ಎಂದು ಕಲಿತವರು ಹೀಮಟೋಮ ಎಂದು ಓದಿ ರಕ್ತದ ಕ್ಯಾನ್ಸರ್ ಎಂದು ಹೆದರುವುದುಂಟು. ಅದು ಪೆಟ್ಟಾದಾಗ ರಕ್ತ ಹೆಪ್ಪುಗಟ್ಟಿ ಆಗುವ ಊತ ಅಷ್ಟೇ. ಮಲೇರಿಯ ಎಂಬುದರ ಮೂಲಾರ್ಥ ಕೆಟ್ಟ ಗಾಳಿ. ರೋಗ ತರುವುದು ಸೊಳ್ಳೆ ಎಂಬುದು 1897ರಲ್ಲಿ ರೊನಾಲ್ಡ್ ರಾಸ್ ಅವರು ಸಿಕಂದರಾಬಾದಿನಲ್ಲಿ ನಡೆಸಿದ ಶೋಧನೆಯ ಬಳಿಕ ದೃಢಪಟ್ಟರೂ ಹೆಸರು ಹಾಗೆಯೇ ಉಳಿಯಿತು. ವ್ಯಕ್ತಿಗಳ ಹೆಸರನ್ನು ಹೊತ್ತ ಪಾರ್ಕಿನ್ಸನ್ ಮುಂತಾದ ರೋಗಗಳಲ್ಲಿ ಬಿಡಿಸಲು ಧಾತುವೇ ಇಲ್ಲ.

ಬಿಡಿಸಿದ ಅರ್ಥ ಸರಿಯೋ ತಪ್ಪೋ ಎಂಬುದನ್ನು ಪರಿಶೀಲಿಸಲು ಒಂದು ಸರಳ ಕ್ರಮವಿದೆ. ಮೊದಲು ಕೊನೆಯ ಪ್ರತ್ಯಯದಿಂದ ಅರ್ಥವನ್ನು ಊಹಿಸಿ ಬರೆಯಬೇಕು. ಬಳಿಕ ಪಠ್ಯದ ವ್ಯಾಖ್ಯೆಯನ್ನು ಓದಬೇಕು. ಎರಡೂ ಹೊಂದಿದರೆ ಆ ಧಾತು ವಶವಾಯಿತು. ಹೊಂದದಿದ್ದರೆ ಪದವನ್ನು ಪ್ರತ್ಯೇಕ ಪಟ್ಟಿಗೆ ಸೇರಿಸಿ, ಅದನ್ನು ಮಾತ್ರ ಬಾಯಿಪಾಠ ಮಾಡಬೇಕು. ಮೂತ್ರಾಂಗಗಳ ಒಂದು ಅಧ್ಯಾಯಕ್ಕೆ ಹೀಗೆ ಮಾಡಿದರೆ, ಇಪ್ಪತ್ತಕ್ಕೂ ಮೀರದ ಧಾತು, ಪ್ರತ್ಯಯಗಳಿಂದ ಅಲ್ಲಿನ ಬಹುಪಾಲು ಪದಗಳು ತೆರೆದುಕೊಳ್ಳುವುದನ್ನು ವಿದ್ಯಾರ್ಥಿಗಳು ತಾವೇ ಕಾಣಬಹುದು. ಮುಂದಿನ ಅಧ್ಯಾಯ ಯಕೃತ್ತಿನದಾದರೆ ನೆಫ್ರ್ ಇದ್ದ ಕಡೆ ‘ಹೆಪಟ್’ ಎಂದು ಇಟ್ಟುಕೊಂಡರೆ ಸಾಕು. ಐಟಿಸ್, ಎಕ್ಟಮಿ, ಲಾಜಿಗಳು ಅವೇ. ಅಂದ ಹಾಗೆ ಹೆಪಟ್ ಮತ್ತು ಯಕೃತ್ ಎಂಬುವೂ ಒಂದೇ ಮೂಲದಿಂದ ಹುಟ್ಟಿದ ಪದಗಳು.